ಕಣ್ಣಿಂದೋ ಕಿವಿಂದೋ: ಲೇಬಲ್ ಅಳಿಸಿದ ಡ್ರಾಪ್ಸ್ ಬಾಟಲಿಯನ್ನು ಗುರುತಿಸುವುದು ಹೇಗೆ

ಔಷಧದ ಕೌಂಟರಿನ ಹಿಂದೆ ನಿಂತವರಿಗೆ ಈ ಪ್ರಶ್ನೆ ಹೊಸದಲ್ಲ. ಒಂದು ಸಂಜೆ ಹಿರಿಯರೊಬ್ಬರು ಕರವಸ್ತ್ರದಲ್ಲಿ ಸುತ್ತಿ ತಂದಿದ್ದ ಪುಟ್ಟ ಬಿಳಿ ಬಾಟಲಿಯನ್ನು ನನ್ನ ಮುಂದಿಟ್ಟರು. "ಇದು ಕಣ್ಣಿಗೆ ಹಾಕೋದೋ ಕಿವಿಗೆ ಹಾಕೋದೋ, ಸ್ವಲ್ಪ ನೋಡಿ ಹೇಳಪ್ಪ. ಮನೇಲಿ ಎರಡೂ ಇದ್ವು. ಕನ್ನಡಕ ಹಾಕ್ಕೊಂಡ್ರೂ ಓದಕ್ಕಾಗ್ತಿಲ್ಲ" ಎಂದರು. ಅವರ ಬಲಗಣ್ಣು ಬೆಳಗಿನಿಂದ ಕೆಂಪಾಗಿತ್ತು. ಹಾಕಿಕೊಳ್ಳುವ ಮುಂಚೆ ಕೇಳೋಣ ಎಂದು ಬಂದಿದ್ದರು. ಆ ಬಾಟಲಿಯನ್ನು ನಾವಿಬ್ಬರೂ ದೀಪದ ಕೆಳಗೆ ಹಿಡಿದು ನೋಡಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ಯಾರು ಬೇಕಾದರೂ ಹೀಗೆ ನೋಡಬಹುದು.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಇದರ ಮೇಲೆಯೇ ನಿಂತಿದೆ. ಬಾಟಲಿ ಕಿವಿಯದ್ದಿರಬಹುದು ಎಂದು ಅನುಮಾನಪಡಲು ಒಂದು ಸಣ್ಣ ಸುಳಿವು ಸಾಕು. ಅದು ಕಣ್ಣಿನದ್ದೇ ಎಂದು ನಂಬಲು ಮಾತ್ರ ನೀವೇ ಓದಿದ ಅಕ್ಷರ ಬೇಕು. ಬಣ್ಣ, ಆಕಾರ, ವಾಸನೆ, ನೆನಪು ಇವು ಯಾವುವೂ ಅಕ್ಷರದ ಜಾಗದಲ್ಲಿ ನಿಲ್ಲುವುದಿಲ್ಲ.

ಇಷ್ಟು ಬಿಗಿ ಯಾಕೆ? ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಅಂದರೆ ಕಾರ್ನಿಯಾ, ಮೈಯಲ್ಲೇ ಅತಿ ಸೂಕ್ಷ್ಮವಾದ ಜಾಗಗಳಲ್ಲಿ ಒಂದು. ಹಾಗಾಗಿ ಕಣ್ಣಿನ ಡ್ರಾಪ್ಸನ್ನು ರೋಗಾಣುಗಳಿಲ್ಲದಂತೆ, ಕಣ್ಣೀರಿನ ಉಪ್ಪಿನಂಶಕ್ಕೂ ಆಮ್ಲೀಯತೆಗೂ ಆದಷ್ಟು ಹೊಂದುವಂತೆ ತಯಾರಿಸುತ್ತಾರೆ. ಕಿವಿಯ ಕಾಲುವೆಯಲ್ಲಿರುವುದು ಚರ್ಮ. ಅದು ತಡೆದುಕೊಳ್ಳುವುದನ್ನು ಕಣ್ಣು ತಡೆದುಕೊಳ್ಳುವುದಿಲ್ಲ. ಕಿವಿಯ ಡ್ರಾಪ್ಸಿನಲ್ಲಿ ವಿನೆಗರಿನ ಹುಳಿಯಾದ ಅಸಿಟಿಕ್ ಆಮ್ಲ ಇರಬಹುದು, ಸ್ಪಿರಿಟ್ ಇರಬಹುದು, ಗುಗ್ಗೆ ಕರಗಿಸಲು ನೊರೆಯೇಳುವ ಪೆರಾಕ್ಸೈಡ್ ಇರಬಹುದು, ಮಂದವಾದ ಗ್ಲಿಸರಿನ್ನೋ ಪ್ರೊಪಿಲೀನ್ ಗ್ಲೈಕಾಲೋ ಇರಬಹುದು. ಇವು ಕಣ್ಣಿಗೆ ಬಿದ್ದರೆ ಉರಿ, ಕೆಂಪು, ಊತ ಬರುತ್ತದೆ. ಕೆಲವೊಮ್ಮೆ ಕಾರ್ನಿಯಾದ ಮೇಲ್ಪದರವೇ ಸುಲಿದುಹೋಗುತ್ತದೆ.

ಮೊದಲು ವಯಸ್ಸು ನೋಡಿ

ಲೇಬಲ್ ಓದಲು ಕೂರುವ ಮುಂಚೆ, ಬಾಟಲಿಯನ್ನು ಯಾವಾಗ ತೆರೆದದ್ದು ಎಂದು ಯೋಚಿಸಿ. ಪದೇ ಪದೇ ಬಳಸುವ ಕಣ್ಣಿನ ಡ್ರಾಪ್ಸ್ ಬಾಟಲಿಯನ್ನು ಸಾಮಾನ್ಯವಾಗಿ ತೆರೆದ ನಾಲ್ಕು ವಾರಗಳೊಳಗೆ, ಅಂದರೆ 28 ದಿನಗಳೊಳಗೆ ಎಸೆಯಬೇಕು. ಬೇರೆ ಗಡುವು ಇದ್ದರೆ ತಯಾರಕರೇ ಲೇಬಲ್ಲಿನಲ್ಲೋ ಒಳಗಿನ ಚೀಟಿಯಲ್ಲೋ ಬರೆದಿರುತ್ತಾರೆ. ಡಬ್ಬಿಯ ಮೇಲಿನ ಎಕ್ಸ್‌ಪೈರಿ ತಾರೀಖು ಸೀಲ್ ಒಡೆಯದ ಬಾಟಲಿಗೆ ಸೇರಿದ್ದು, ತೆರೆದ ಬಾಟಲಿಗೆ ಅದು ಅನ್ವಯಿಸುವುದಿಲ್ಲ.

ಲೇಬಲ್ ಒಂದೆರಡು ದಿನದಲ್ಲಿ ಅಳಿಸಿಹೋಗುವುದಿಲ್ಲ. ಫ್ರಿಜ್ಜಿನ ತೇವ, ಜೇಬಿನೊಳಗಿನ ಉಜ್ಜಾಟ, ಮೂತಿಯಿಂದ ಇಳಿದ ಔಷಧದ ಜಿಡ್ಡು ಎಲ್ಲ ಸೇರಿ ಶಾಯಿ ಮಾಸಲು ವಾರಗಳು ಬೇಕು. ಆದ್ದರಿಂದ ತೆರೆದ ಬಾಟಲಿಯ ಲೇಬಲ್ ಓದಲಾಗದಷ್ಟು ಸವೆದಿದ್ದರೆ, ಅದು ಕಣ್ಣಿನದ್ದೇ ಆಗಿದ್ದರೂ ಬಹುಪಾಲು ಕಾಲ ಮೀರಿರುತ್ತದೆ. ತೆರೆದ ದಿನ ನೆನಪಿಗೆ ಬರದಿದ್ದರೆ ಹುಡುಕಾಟ ಅಲ್ಲಿಗೇ ಮುಗಿಯಿತು. ಆ ಬಾಟಲಿ ಕಣ್ಣಿಗೆ ಬೇಡ. ಅನೇಕ ಸಲ ಇಷ್ಟರಲ್ಲೇ ತೀರ್ಮಾನವಾಗುತ್ತದೆ, ಹಾಗಾಗಿಯೇ ಇದನ್ನು ಮೊದಲು ಇಟ್ಟಿದ್ದೇನೆ.

ಹೋದ ವಾರವಷ್ಟೇ ತೆರೆದದ್ದು, ಮುಚ್ಚಳದ ಕೆಳಗಿಂದ ಔಷಧ ಇಳಿದು ಲೇಬಲ್ ಹಾಳಾಯಿತು ಎನ್ನುವಂತಿದ್ದರೆ ಮುಂದಕ್ಕೆ ಹೋಗಿ.

ಅಳಿದುಳಿದ ಅಕ್ಷರಗಳನ್ನು ಓದುವುದು

ಲೇಬಲ್ಲನ್ನು ಒರೆಸಬೇಡಿ. ಸ್ಯಾನಿಟೈಸರ್ ಅಥವಾ ಸ್ಪಿರಿಟ್ ಸೋಕಿದರೆ ಉಳಿದ ಶಾಯಿಯೂ ಹೋಗುತ್ತದೆ. ಮೊದಲು ಬಾಟಲಿಯನ್ನು ಸುತ್ತ ತಿರುಗಿಸುತ್ತಾ ಮೊಬೈಲಿನಲ್ಲಿ ನಾಲ್ಕೈದು ಫೋಟೊ ತೆಗೆದುಕೊಳ್ಳಿ. ಟಾರ್ಚನ್ನು ಎದುರಿಗೆ ಹಿಡಿಯದೆ ಪಕ್ಕದಿಂದ, ಬಾಟಲಿಗೆ ಸವರಿಕೊಂಡು ಹೋಗುವಂತೆ ಬಿಡಿ. ಶಾಯಿ ಹೋದ ಕಡೆ ಕಾಗದದಲ್ಲಿ ಉಳಿದ ಒತ್ತು ಕೆಲವೊಮ್ಮೆ ನೆರಳಾಗಿ ಕಾಣುತ್ತದೆ. ಆಮೇಲೆ ಫೋಟೊವನ್ನು ದೊಡ್ಡದು ಮಾಡಿ, ಕಾಂಟ್ರಾಸ್ಟ್ ಏರಿಸಿ ನೋಡಿ. ಬರಿಗಣ್ಣಿಗೆ ಕಾಣದ ಅರ್ಧ ಅಕ್ಷರ ಅಲ್ಲಿ ಎದ್ದು ಬರುವುದುಂಟು.

ಈಗ ಯಾವ ಅಕ್ಷರಗಳನ್ನು ಹುಡುಕಬೇಕು ಎನ್ನುವುದು. ಇಲ್ಲಿ ಇಂಗ್ಲಿಷ್ ಮುದ್ರಣ ಮೋಸ ಮಾಡುತ್ತದೆ. ಕಣ್ಣಿಗೆ ‘ಐ’, ಕಿವಿಗೆ ‘ಇಯರ್’. ಎರಡೂ ಇಂಗ್ಲಿಷಿನಲ್ಲಿ ಮೂರೇ ಅಕ್ಷರದ ಪದಗಳು, ಎರಡೂ ಶುರುವಾಗುವುದು ‘ಇ’ ಅಕ್ಷರದಿಂದ. ಮೊದಲ ಅಕ್ಷರ ಮಾತ್ರ ಉಳಿದಿದ್ದರೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಮೂರನೆಯ ಅಕ್ಷರ ನೋಡಿ. ಕಣ್ಣಿನ ಪದ ಮತ್ತೆ ‘ಇ’ಯಲ್ಲೇ ಮುಗಿಯುತ್ತದೆ, ಮೂರು ಅಡ್ಡಗೆರೆಗಳು ಕಾಣಬೇಕು. ಕಿವಿಯ ಪದ ‘ಆರ್’ನಲ್ಲಿ ಮುಗಿಯುತ್ತದೆ, ತಲೆ ದುಂಡಗಿರುತ್ತದೆ, ಓರೆ ಕಾಲೊಂದಿರುತ್ತದೆ. ನಡುವಿನದ್ದು ಕಣ್ಣಿಗೆ ‘ವೈ’: ಮೇಲೆ ಕವಲು, ಕೆಳಗೆ ಒಂದೇ ಕಾಲು. ಕಿವಿಗೆ ‘ಎ’: ಮೇಲೆ ಚೂಪು, ಕೆಳಗೆ ಎರಡು ಕಾಲು.

ಇನ್ನೊಂದು ಜೋಡಿ ‘ಆಫ್ತಾಲ್ಮಿಕ್’ ಮತ್ತು ‘ಓಟಿಕ್’. ಮೊದಲನೆಯದು ಕಣ್ಣಿಗೆ, ಎರಡನೆಯದು ಕಿವಿಗೆ. ಇವೂ ಇಂಗ್ಲಿಷಿನಲ್ಲಿ ‘ಒ’ ಅಕ್ಷರದಿಂದಲೇ ಶುರುವಾಗಿ ‘ಐ, ಸಿ’ಯಲ್ಲಿ ಮುಗಿಯುತ್ತವೆ. ಆದರೆ ಉದ್ದದಲ್ಲಿ ಬಹಳ ವ್ಯತ್ಯಾಸವಿದೆ: ಆಫ್ತಾಲ್ಮಿಕ್‌ಗೆ ಹತ್ತು ಅಕ್ಷರ, ಓಟಿಕ್‌ಗೆ ನಾಲ್ಕೇ. ಪದದ ನಡು ಪೂರ್ತಿ ಅಳಿಸಿದ್ದರೂ ಮೊದಲ ಮತ್ತು ಕೊನೆಯ ಅಕ್ಷರಗಳ ನಡುವಿನ ಖಾಲಿ ಜಾಗವನ್ನು ಅಳೆಯಬಹುದು. ‘ಐ, ಸಿ’ಗೆ ಮುಂಚಿನ ಅಕ್ಷರ ‘ಎಂ’ ಆಗಿದ್ದರೆ ಕಣ್ಣಿನದು, ‘ಟಿ’ ಆಗಿದ್ದರೆ ಕಿವಿಯದು.

ಎಚ್ಚರದಿಂದ ಇರುವವರೂ ಎಡವುವ ಜಾಗ ಒಂದಿದೆ. ‘ಕಣ್ಣು’ ಎಂಬ ಪದ ಕಂಡ ಮಾತ್ರಕ್ಕೆ ಅದು ಕಣ್ಣಿನ ಔಷಧವಲ್ಲ. ಕಿವಿಯ ಡ್ರಾಪ್ಸಿನ ಲೇಬಲ್ಲಿನಲ್ಲೇ ‘ಕಣ್ಣಿಗೆ ಹಾಕಬಾರದು’, ‘ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ’ ಎಂಬ ಎಚ್ಚರಿಕೆ ಇರುತ್ತದೆ. ವಾಕ್ಯದ ‘ಹಾಕಬಾರದು’ ಭಾಗ ಅಳಿಸಿ ಕಣ್ಣು ಎಂಬ ಪದ ಮಾತ್ರ ಉಳಿದರೆ ಅರ್ಥ ತಿರುಗುಮುರುಗಾಗಿಬಿಡುತ್ತದೆ! ಆದ್ದರಿಂದ ಆ ಪದ ಎಲ್ಲಿದೆ ಎನ್ನುವುದು ಮುಖ್ಯ. ಔಷಧದ ಹೆಸರಿನ ಕೆಳಗೆ, ದಪ್ಪಕ್ಷರದಲ್ಲಿ, ‘ಡ್ರಾಪ್ಸ್’ ಎಂಬ ಪದಕ್ಕೆ ಅಂಟಿಕೊಂಡಿದ್ದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಪಕ್ಕದ ಸಣ್ಣಕ್ಷರದ ಸಾಲುಗಳ ನಡುವೆ ಇದ್ದರೆ, ಅದರಲ್ಲೂ ‘ಐಸ್’ ಎಂದು ಬಹುವಚನದಲ್ಲಿದ್ದರೆ, ಅದು ಎಚ್ಚರಿಕೆಯ ತುಣುಕು ಇರಬಹುದು.

ಕೆಲವು ಔಷಧಗಳ ಮೇಲೆ ‘ಐ/ಇಯರ್ ಡ್ರಾಪ್ಸ್’ ಎಂದು ಎರಡೂ ಬರೆದಿರುತ್ತದೆ. ಕಣ್ಣಿಗೆ ಆಗುವಷ್ಟು ಶುದ್ಧವಾಗಿ ತಯಾರಾದವು ಅವು, ಕಿವಿಗೂ ಬಳಸಬಹುದು. ಇಂಥದರಲ್ಲಿ ಕಣ್ಣಿನ ಭಾಗ ಅಳಿಸಿ ‘ಇಯರ್ ಡ್ರಾಪ್ಸ್’ ಮಾತ್ರ ಉಳಿದಿದ್ದರೆ ನೀವು ಕಣ್ಣಿಗೆ ಹಾಕದೆ ಬಿಡುತ್ತೀರಿ. ಆ ತಪ್ಪಿನಿಂದ ಒಂದು ಬಾಟಲಿ ನಷ್ಟವಾಗುತ್ತದೆ, ಅಷ್ಟೇ.

ಸಣ್ಣಕ್ಷರದಲ್ಲಿ ಸಿಗುವ ಇನ್ನೆರಡು ಸುಳಿವುಗಳು ಉಪಯೋಗಕ್ಕೆ ಬರುತ್ತವೆ. ಕಾಂಟ್ಯಾಕ್ಟ್ ಲೆನ್ಸ್ ತೆಗೆದು ಹಾಕಿ ಎಂಬ ಸೂಚನೆ ಕಣ್ಣಿನ ಔಷಧದ ಕಡೆ ಬೆರಳು ತೋರಿಸುತ್ತದೆ. ಕಿವಿಯ ತಮಟೆ ತೂತಾಗಿದ್ದರೆ ಬಳಸಬೇಡಿ ಎಂಬುದು ಕಿವಿಯದರ ಕಡೆ. ‘ಹೊರ ಬಳಕೆಗೆ ಮಾತ್ರ’ ಎಂಬ ಸಾಲು ಎರಡರಲ್ಲೂ ಇರಬಹುದು, ಅದನ್ನು ಬಿಟ್ಟುಬಿಡಿ. ‘ಸ್ಟೆರೈಲ್’ ಎಂಬ ಪದ ಕಣ್ಣಿನ ಡ್ರಾಪ್ಸಿನಲ್ಲಿ ಇರುತ್ತದೆ ನಿಜ, ಆದರೆ ಕಿವಿಯ ಕೆಲವು ಡ್ರಾಪ್ಸೂ ಸ್ಟೆರೈಲ್ ಆಗಿಯೇ ಬರುತ್ತವೆ. ಅದೊಂದನ್ನೇ ನಂಬಿ ಕಣ್ಣಿಗೆ ಹಾಕಬೇಡಿ.

ಆ ಸಂಜೆಯ ಬಾಟಲಿ

ಹಿರಿಯರು ತಂದ ಬಾಟಲಿಯ ಮೇಲೆ ಮೂರು ತುಣುಕು ಉಳಿದಿದ್ದವು. ಮೇಲೆ ‘...ಫೆನಿಕಾಲ್’, ಅದರ ಕೆಳಗೆ ‘ಇ’ ಎಂಬ ಒಂಟಿ ಅಕ್ಷರ ಮತ್ತು ‘ಡ್ರಾಪ್ಸ್’, ಬಲಕ್ಕೆ ‘5%’.

ಫೆನಿಕಾಲ್ ಎಂದರೆ ಕ್ಲೋರಾಂಫೆನಿಕಾಲ್. ಹಳೆಯ ಆ್ಯಂಟಿಬಯಾಟಿಕ್, ಕಣ್ಣಿಗೂ ಬರುತ್ತದೆ, ಕಿವಿಗೂ ಬರುತ್ತದೆ. "ಹಾಗಾದ್ರೆ ಕಣ್ಣಿಂದೇ ಇರ್ಬೇಕು. ನಮ್ಮ ಮನೆಯವಳಿಗೆ ಡಾಕ್ಟ್ರು ಇದೇ ಹೆಸರಿಂದು ಕಣ್ಣಿಗೆ ಬರೆದಿದ್ರು" ಎಂದರು ಅವರು. ಅವರ ನೆನಪು ತಪ್ಪಲ್ಲ, ಔಷಧದ ಹೆಸರೂ ಸರಿಯೇ. ಆದರೆ ಕಣ್ಣಿಗೆ ಬಳಸುವ ಕ್ಲೋರಾಂಫೆನಿಕಾಲ್ ಡ್ರಾಪ್ಸ್ ಸಾಮಾನ್ಯವಾಗಿ 0.5%. ಕಿವಿಗೆ ಬಳಸುವುದು 5% ಅಥವಾ 10%. ಕಿವಿಯದ್ದು ಕಣ್ಣಿನದಕ್ಕಿಂತ ಹತ್ತು ಪಟ್ಟೋ ಇಪ್ಪತ್ತು ಪಟ್ಟೋ ಗಟ್ಟಿ, ಅದರ ಮೇಲೆ ಅದನ್ನು ಕರಗಿಸಿರುವುದೂ ಪ್ರೊಪಿಲೀನ್ ಗ್ಲೈಕಾಲಿನಲ್ಲಿ.

ಹಾಗಾದರೆ ಲೇಬಲ್ಲಿನಲ್ಲಿ ಉಳಿದ ‘5%’ ನಿಜಕ್ಕೂ 5% ಇದ್ದದ್ದೋ, ಇಲ್ಲ 0.5% ಇದ್ದು ಸೊನ್ನೆಯೂ ಚುಕ್ಕೆಯೂ ಅಳಿಸಿಹೋದದ್ದೋ? ಇಡೀ ಪ್ರಶ್ನೆ ಆ ಒಂದು ಚುಕ್ಕೆಯ ಮೇಲೆ ನಿಂತಿತ್ತು. ಐದರ ಎಡಗಡೆ ಕಾಗದವೇ ಸವೆದು ಬಿಳಿಯಾಗಿತ್ತು. ಟಾರ್ಚ್ ಬಿಟ್ಟರೂ ಏನೂ ಕಾಣಲಿಲ್ಲ.

ಶೇಕಡಾವಾರು ಕೈಕೊಟ್ಟಾಗ ಮಿಲಿಗ್ರಾಂ ಹುಡುಕಬೇಕು. ಔಷಧದಲ್ಲಿ ಏನೇನಿದೆ ಎಂದು ಬರೆದ ಸಣ್ಣಕ್ಷರದ ಸಾಲಿನಲ್ಲಿ ಪ್ರತಿ ಮಿಲಿಲೀಟರಿಗೆ ಎಷ್ಟು ಮಿಲಿಗ್ರಾಂ ಎಂದು ಎಷ್ಟೋ ಸಲ ಮತ್ತೊಮ್ಮೆ ಬರೆದಿರುತ್ತಾರೆ. ಲೆಕ್ಕ ಸುಲಭ: 1% ಎಂದರೆ ಒಂದು ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ. ಹಾಗಾಗಿ 0.5% ಎಂದರೆ 5 ಮಿಲಿಗ್ರಾಂ, 5% ಎಂದರೆ 50 ಮಿಲಿಗ್ರಾಂ. ಬಾಟಲಿಯ ಹಿಂಬದಿಯ ಫೋಟೊವನ್ನು ದೊಡ್ಡದು ಮಾಡಿದಾಗ ಮಸುಕಾಗಿ ‘50’ ಕಂಡಿತು, ಅದರ ಕೆಳಗಿನ ಸಾಲಿನ ತುದಿಯಲ್ಲಿ ‘ಗ್ಲೈಕಾಲ್’. ಅಲ್ಲಿಗೆ ಕಿವಿಯದ್ದು ಎಂದು ತೀರ್ಮಾನವಾಯಿತು. ಹಿರಿಯರು ಬಾಟಲಿಯನ್ನು ಒಮ್ಮೆ ನೋಡಿದರು, ಕಣ್ಣಿನ ಮೇಲೆ ಕೈ ಇಟ್ಟುಕೊಂಡರು, ಏನೂ ಮಾತಾಡಲಿಲ್ಲ. ಕೆಂಪಾದ ಕಣ್ಣಿಗೆ ಮನೆಯಲ್ಲಿ ಉಳಿದ ಯಾವ ಡ್ರಾಪ್ಸೂ ಬೇಡ, ನಾಳೆ ಬೆಳಿಗ್ಗೆಯೇ ಡಾಕ್ಟರಿಗೆ ತೋರಿಸಿ ಎಂದು ಹೇಳಿ ಕಳಿಸಿದೆ.

ಆ ‘50’ ಕಾಣದೇ ಹೋಗಿದ್ದರೂ ಉತ್ತರ ಬೇರೆಯಾಗುತ್ತಿರಲಿಲ್ಲ. 0.5% ಎಂದು ಓದಲು ಆಗಲಿಲ್ಲ ಎನ್ನುವುದೇ ಕಣ್ಣಿಗೆ ಹಾಕದಿರಲು ಸಾಕಾದ ಕಾರಣ.

ಗ್ಲೈಕಾಲ್ ಪದದ ಬಗ್ಗೆ ಒಂದು ತಿದ್ದುಪಡಿ. ಕಣ್ಣು ಒಣಗುವುದಕ್ಕೆ ಕೊಡುವ ಕೆಲವು ಡ್ರಾಪ್ಸಿನಲ್ಲೂ ಪ್ರೊಪಿಲೀನ್ ಗ್ಲೈಕಾಲ್ ಅಥವಾ ಗ್ಲಿಸರಿನ್ ಇರುತ್ತದೆ, ಆದರೆ ಶೇಕಡಾ ಒಂದಕ್ಕಿಂತಲೂ ಕಡಿಮೆ, ಅಥವಾ ಅದರ ಆಸುಪಾಸಿನಲ್ಲಿ. ಕಿವಿಯದರಲ್ಲಿ ಅದು ಬಾಟಲಿ ತುಂಬ ಇರಬಹುದು. ಹೆಸರಿನ ಜೊತೆಗೆ ಪ್ರಮಾಣವೂ ಓದಿದರೆ ಮಾತ್ರ ಆ ಪದ ಸಾಕ್ಷಿಯಾಗುತ್ತದೆ.

ನಂಬಬಾರದ ಗುರುತುಗಳು

ಮುಚ್ಚಳದ ಬಣ್ಣದ ಬಗ್ಗೆ ಬಹಳ ಜನ ಕೇಳುತ್ತಾರೆ. ಕಣ್ಣಿನ ಡ್ರಾಪ್ಸಿಗೆ ಅಮೆರಿಕದ ನೇತ್ರತಜ್ಞರ ಅಕಾಡೆಮಿ ಒಂದು ಬಣ್ಣದ ಪದ್ಧತಿ ಇಟ್ಟಿದೆ. ಸ್ಟೀರಾಯ್ಡಿಗೆ ಗುಲಾಬಿ, ಪಾಪೆ ಹಿಗ್ಗಿಸುವ ಔಷಧಕ್ಕೆ ಕೆಂಪು, ಸೋಂಕಿನ ಔಷಧಕ್ಕೆ ಕಂದು ಛಾಯೆ, ಹೀಗೆ. ಆದರೆ ಆ ಬಣ್ಣಗಳು ಕಣ್ಣಿನ ಒಂದು ಔಷಧವನ್ನು ಇನ್ನೊಂದರಿಂದ ಬೇರ್ಪಡಿಸಲು ಇರುವವು, ಕಣ್ಣನ್ನು ಕಿವಿಯಿಂದ ಬೇರ್ಪಡಿಸಲು ಅಲ್ಲ. ಎಲ್ಲ ತಯಾರಕರೂ ಅವನ್ನು ಪಾಲಿಸುವುದೂ ಇಲ್ಲ. ಕಿವಿಯ ಬಾಟಲಿಗೂ ಬಿಳಿಯದೋ ಗುಲಾಬಿಯದೋ ಮುಚ್ಚಳ ಇರಬಹುದು. ಎರಡು ಬಾಟಲಿ ಒಟ್ಟಿಗೆ ತೆರೆದಾಗ ಮುಚ್ಚಳ ಅದಲು ಬದಲಾಗುವುದಂತೂ ಮನೆಯಲ್ಲಿ ನಡೆಯುವ ಮಾತೇ.

ಉದ್ದನೆಯ ಮೂತಿ ಇದ್ದರೆ ಕಿವಿಯದು ಎನ್ನುವುದೂ ಅಷ್ಟೇ. ಎಷ್ಟೋ ಕಿವಿಯ ಡ್ರಾಪ್ಸ್ ಕಣ್ಣಿನದರಂತೆಯೇ ಮೊಟಕು ಮೂತಿಯ, ಹಿಂಡಿದರೆ ಹನಿಯುವ ಪ್ಲಾಸ್ಟಿಕ್ ಬಾಟಲಿಯಲ್ಲೇ ಬರುತ್ತವೆ.

ಮಂದತನ ಸ್ವಲ್ಪ ನೆರವಾಗುತ್ತದೆ, ಆದರೆ ಒಂದೇ ದಿಕ್ಕಿಗೆ. ಒಂದು ಹನಿಯನ್ನು ಸ್ಟೀಲ್ ಚಮಚದ ಮೇಲೆ ಬಿಟ್ಟು, ಪಕ್ಕದಲ್ಲಿ ಒಂದು ಹನಿ ನೀರು ಬಿಟ್ಟು, ಚಮಚವನ್ನು ಓರೆ ಮಾಡಿ. ಹನಿ ನೀರಿಗಿಂತ ನಿಧಾನವಾಗಿ, ಎಣ್ಣೆಯಂತೆ ಜಾರಿದರೆ, ನೀರು ಒಣಗಿದ ಮೇಲೂ ಹಸಿಯಾಗಿಯೇ ಇದ್ದರೆ, ಅದು ಕಣ್ಣಿಗೆ ಬೇಡ. ಆದರೆ ನೀರಿನಂತೆ ಹರಿಯಿತು ಎಂದು ಕಣ್ಣಿನದು ಎನ್ನಬೇಡಿ. ನೀರಿನಂತಿರುವ ಕಿವಿಯ ಡ್ರಾಪ್ಸ್ ಬೇಕಾದಷ್ಟಿವೆ. ವಿನೆಗರಿನ ಅಥವಾ ಸ್ಪಿರಿಟಿನ ವಾಸನೆ ಬಂದರೂ ಇದೇ ನಿಯಮ: ವಾಸನೆ ಇದ್ದರೆ ಬೇಡ, ಇಲ್ಲದಿದ್ದರೆ ಅದರಿಂದ ಏನೂ ಸಾಬೀತಾಗಲಿಲ್ಲ.

ಕೈಯ ಮೇಲೆ ಹಚ್ಚಿ ಉರಿಯುತ್ತದೆಯೇ ನೋಡುವುದು, ನಾಲಿಗೆಗೆ ತಾಗಿಸುವುದು, ಕಣ್ಣಿನ ಮೂಲೆಗೆ ಸ್ವಲ್ಪವೇ ಹಾಕಿ ನೋಡುವುದು, ಇವು ಮೂರನ್ನೂ ದಯವಿಟ್ಟು ಮಾಡಬೇಡಿ. ಕೈಯ ಚರ್ಮಕ್ಕೆ ಉರಿಯದ್ದು ಕಣ್ಣಿಗೆ ಉರಿಯಬಹುದು.

ಅಕ್ಷರ ಸಿಗದಿದ್ದರೆ

ಬಾಟಲಿಯಲ್ಲಿ ಬ್ಯಾಚ್ ನಂಬರ್ ಉಳಿದಿದೆಯೇ ನೋಡಿ. ಲೇಬಲ್ಲಿನ ಅಂಚಿನಲ್ಲೋ ಬಾಟಲಿಯ ಪ್ಲಾಸ್ಟಿಕ್ಕಿನಲ್ಲೇ ಒತ್ತಿಯೋ ಇರಬಹುದು. ಔಷಧ ಕೊಂಡ ಬಿಲ್ಲಿನಲ್ಲಿ ಹೆಸರಿನ ಪಕ್ಕ ಬ್ಯಾಚ್ ನಂಬರ್ ಮುದ್ರಿಸಿದ್ದರೆ ಎರಡನ್ನೂ ಹೋಲಿಸಿ, ಪೂರ್ತಿ ತಾಳೆಯಾದರೆ ಹೆಸರು ಸಿಕ್ಕಂತೆ. ಡಾಕ್ಟರ ಚೀಟಿಯೋ ಖಾಲಿ ರಟ್ಟಿನ ಡಬ್ಬಿಯೋ ಸಿಕ್ಕಿದರೆ ಅದನ್ನೂ ಬಾಟಲಿಯ ಜೊತೆಗೆ ಫಾರ್ಮಸಿಸ್ಟರ ಬಳಿ ತೆಗೆದುಕೊಂಡು ಹೋಗಿ. ಡಬ್ಬಿ ಸಿಕ್ಕಿತು ಎಂದಷ್ಟಕ್ಕೇ ಬಾಟಲಿ ಅದರದ್ದೇ ಎಂದುಕೊಳ್ಳಬೇಡಿ, ಅಲ್ಲೂ ಬ್ಯಾಚ್ ನಂಬರ್ ಹೋಲಿಸಿ.

ಗುರುತು ಸಿಗದ ಬಾಟಲಿಯನ್ನು ಕಿವಿಗಾದರೂ ಹಾಕೋಣ ಎನ್ನುವವರಿದ್ದಾರೆ. ಕಿವಿಯ ತಮಟೆಯಲ್ಲಿ ತೂತಿದ್ದರೆ ಔಷಧ ಒಳಗಿವಿಗೆ ತಲುಪಬಹುದು. ಜೆಂಟಾಮೈಸಿನ್, ನಿಯೋಮೈಸಿನ್‌ನಂಥ ಔಷಧಗಳು ಅಲ್ಲಿ ಕೇಳುವ ಶಕ್ತಿಗೇ ಹಾನಿ ಮಾಡಬಲ್ಲವು, ಅವು ಕಣ್ಣಿನ ಡ್ರಾಪ್ಸಿನಲ್ಲೂ ಇರುತ್ತವೆ. ಹೆಸರು ಗೊತ್ತಿಲ್ಲದ ಬಾಟಲಿ ಕಿವಿಗೂ ಬೇಡ.

ಆಗಲೇ ಕಣ್ಣಿಗೆ ಬಿದ್ದಿದ್ದರೆ

ಯಾವ ಔಷಧ ಎಂದು ಹುಡುಕುತ್ತಾ ಕೂರಬೇಡಿ. ತಕ್ಷಣ ನಲ್ಲಿಯ ಕೆಳಗೋ ಚೊಂಬಿನಿಂದಲೋ ಶುದ್ಧ ನೀರು ಬಿಡಲು ಶುರು ಮಾಡಿ. ನೀರು ಉಗುರುಬೆಚ್ಚಗಿದ್ದರೆ ಒಳ್ಳೆಯದು, ಇಲ್ಲದಿದ್ದರೆ ತಣ್ಣೀರೇ ಸಾಕು. ಬಿಸಿ ಮಾಡಲು ಕಾಯಬೇಡಿ. ತಲೆಯನ್ನು ಔಷಧ ಬಿದ್ದ ಕಣ್ಣಿನ ಕಡೆಗೆ ವಾಲಿಸಿ, ಆ ಕಣ್ಣು ಕೆಳಗಿರಲಿ. ನೀರು ಮೂಗಿನ ಬದಿಯಿಂದ ಹೊರಗಿನ ಮೂಲೆಗೆ ಹರಿಯಬೇಕು, ಆಗ ಇನ್ನೊಂದು ಕಣ್ಣಿಗೆ ಹೋಗುವುದಿಲ್ಲ. ಎರಡು ಬೆರಳಿನಿಂದ ರೆಪ್ಪೆಗಳನ್ನು ಬಿಡಿಸಿ ಹಿಡಿದು, ಕಣ್ಣುಗುಡ್ಡೆಯನ್ನು ಮೇಲೆ ಕೆಳಗೆ ಆಡಿಸುತ್ತಾ ಕನಿಷ್ಠ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಯೇ ತೊಳೆಯಿರಿ, ಉರಿಯುವಾಗ ಎರಡು ನಿಮಿಷವೇ ಹದಿನೈದರಂತೆ ಅನಿಸುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಇದ್ದು ಸುಲಭವಾಗಿ ಬಂದರೆ ತೆಗೆದುಬಿಡಿ. ಮಗುವಾದರೆ ಟವೆಲಿನಲ್ಲಿ ಕೈ ಸಮೇತ ಸುತ್ತಿ ಒಬ್ಬರು ಹಿಡಿದುಕೊಳ್ಳಲಿ, ಇನ್ನೊಬ್ಬರು ನೀರು ಬಿಡಲಿ.

ಕಣ್ಣು ಉಜ್ಜಬೇಡಿ. ಉರಿ ತಣಿಸಲು ಇನ್ನೊಂದು ಡ್ರಾಪ್ಸ್, ಹಾಲು, ಗುಲಾಬಿ ನೀರು ಯಾವುದನ್ನೂ ಹಾಕಬೇಡಿ. ತೊಳೆದ ಮೇಲೂ ನೋವು, ಮಂಜು, ಬೆಳಕು ನೋಡಲಾಗದಿರುವುದು, ಕೆಂಪು ಉಳಿದಿದ್ದರೆ ಅಂದೇ ಕಣ್ಣಿನ ಡಾಕ್ಟರ ಬಳಿ ಹೋಗಿ. ಪೊರೆ ಆಪರೇಶನ್‌ನಂಥ ಶಸ್ತ್ರಚಿಕಿತ್ಸೆ ಇತ್ತೀಚೆಗೆ ಆದ ಕಣ್ಣಾದರೆ ಲಕ್ಷಣಗಳಿಗೆ ಕಾಯದೆ, ತೊಳೆದು ನೇರವಾಗಿ ಹೋಗಿ. ಬಾಟಲಿಯನ್ನು ಎಸೆಯಬೇಡಿ, ಜೊತೆಗೇ ಒಯ್ಯಿರಿ. ನಿಮಗೆ ಓದಲಾಗದ ಅರ್ಧ ಅಕ್ಷರದಿಂದ ಡಾಕ್ಟರಿಗೆ ಔಷಧ ಯಾವುದೆಂದು ಗೊತ್ತಾಗಬಹುದು.

ಹೊಸ ಬಾಟಲಿ ತಂದ ದಿನ

ಸೀಲ್ ಒಡೆಯುವ ದಿನವೇ ಲೇಬಲ್ಲಿನ ಖಾಲಿ ಜಾಗದಲ್ಲಿ ಅಳಿಸದ ಪೆನ್ನಿನಿಂದ ‘ಕಣ್ಣು’ ಎಂದೂ ತಾರೀಖನ್ನೂ ಬರೆದು, ಮೇಲೆ ಪಾರದರ್ಶಕ ಟೇಪ್ ಸುತ್ತಿ. ಬಳಸಿದ ಮೇಲೆ ಪ್ರತಿ ಸಲ ಅದರದ್ದೇ ಡಬ್ಬಿಗೆ ಹಾಕಿ, ಕಣ್ಣಿನದನ್ನೂ ಕಿವಿಯದನ್ನೂ ಬೇರೆ ಬೇರೆ ಜಾಗದಲ್ಲಿಡಿ. ಸೂಪರ್ ಗ್ಲೂನಂಥ ಅಂಟಿನ ಪುಟ್ಟ ಬಾಟಲಿಗಳೂ ಇವುಗಳ ಹತ್ತಿರ ಬರಬಾರದು. ಕತ್ತಲಲ್ಲಿ, ನಿದ್ದೆಗಣ್ಣಲ್ಲಿ ಡ್ರಾಪ್ಸ್ ಹಾಕಿಕೊಳ್ಳುವವರು, ದೃಷ್ಟಿ ಮಂದವಾದವರು ಮನೆಯಲ್ಲಿದ್ದರೆ ಕಿವಿಯ ಬಾಟಲಿಗೆ ಎರಡು ಸುತ್ತು ರಬ್ಬರ್ ಬ್ಯಾಂಡ್ ಬಿಗಿಯಿರಿ. ಕಣ್ಣಿನ ಬಾಟಲಿ ನುಣುಪಾಗಿಯೇ ಇರಲಿ. ಬೆರಳಿಗೆ ರಬ್ಬರ್ ಸಿಕ್ಕಿದ ಕೂಡಲೇ ಕೈ ನಿಲ್ಲುತ್ತದೆ. ಆ ಹಿರಿಯರ ಮನೆಯಲ್ಲಿ ಈಗ ಹೀಗೇ ಮಾಡಿಟ್ಟುಕೊಂಡಿದ್ದಾರೆ. ಹೋದ ಸಲ ಬಂದಾಗ ಹೊಸ ಬಾಟಲಿ ಕೈಗೆ ತೆಗೆದುಕೊಂಡು ಅವರು ಮೊದಲು ಕೇಳಿದ್ದು, "ಪೆನ್ನಿದ್ರೆ ಕೊಡಪ್ಪ, ಇಲ್ಲೇ ತಾರೀಖು ಹಾಕ್ಕೊಂಡು ಹೋಗ್ತೀನಿ" ಎಂದು.